ಮುಖ್ಯ ಜಾಲ ಬಿದ್ದಾಗಲೂ ಸ್ವಿಚ್ ಕೈಗೆ ಸಿಗಬೇಕಾದರೆ

ಡೇಟಾ ಸೆಂಟರ್‌ಗಳ ಸ್ವಿಚ್ ಮತ್ತು ರೂಟರ್‌ಗಳನ್ನು ನೋಡಿಕೊಳ್ಳುವ ಎಂಜಿನಿಯರ್‌ಗಳು ಸಾಮಾನ್ಯವಾಗಿ ಆ ಪೆಟ್ಟಿಗೆಗಳ ಎದುರು ಕುಳಿತಿರುವುದಿಲ್ಲ. ಅವರು ಇನ್ನೊಂದು ಊರಿನ ಕಚೇರಿಯಲ್ಲೋ ಮನೆಯಲ್ಲೋ ಇದ್ದು, ಜಾಲದ ಮೂಲಕವೇ ಸ್ವಿಚ್‌ಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಗ್ರಾಹಕರ ದಟ್ಟಣೆ ಹರಿಯುವ ಅದೇ ತಂತಿ, ಅದೇ ಪೋರ್ಟ್, ಅದೇ ರೂಟಿಂಗ್ ಪಟ್ಟಿಯನ್ನು ಈ ಲಾಗಿನ್ ಕೂಡ ಬಳಸಿದರೆ ಅದಕ್ಕೆ ಇನ್-ಬ್ಯಾಂಡ್ ನಿರ್ವಹಣೆ ಎಂದು ಹೆಸರು. ಎಲ್ಲವೂ ಸರಿಯಿರುವ ದಿನ ಇದರಲ್ಲಿ ಕೊರತೆಯೇನೂ ಕಾಣುವುದಿಲ್ಲ. ಮುಖ್ಯ ಜಾಲ ಕೆಟ್ಟ ದಿನ ಮಾತ್ರ, ಕೆಟ್ಟದ್ದನ್ನು ಸರಿಪಡಿಸಲು ಹೋಗಬೇಕಾದ ದಾರಿಯೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ಹಾಗಾಗದಂತೆ ನಿರ್ವಹಣೆಗೆಂದೇ ಕಟ್ಟುವ ಬೇರೆ ದಾರಿಯೇ ಔಟ್-ಆಫ್-ಬ್ಯಾಂಡ್ ಜಾಲ.

ಈ ಬೇರೆ ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ರೋಜರ್ಸ್ ಕಂಪನಿಯ 2022ರ ಜುಲೈ 8ರ ಪ್ರಕರಣ ದಾಖಲೆಯಲ್ಲಿದೆ. ಕೋರ್ ಜಾಲದ ಮೇಲ್ದರ್ಜೆ ಕೆಲಸ ಹಲವು ಹಂತಗಳಲ್ಲಿ ನಡೆಯುತ್ತಿತ್ತು. ಅಂದು ಬೆಳಗಿನ ಜಾವ ಡಿಸ್ಟ್ರಿಬ್ಯೂಷನ್ ರೂಟರ್‌ಗಳಿಂದ ರೂಟಿಂಗ್ ಫಿಲ್ಟರ್ ಒಂದನ್ನು ತೆಗೆಯಲಾಯಿತು. ಅಲ್ಲಿಯವರೆಗೆ ಆ ಫಿಲ್ಟರ್ ತಡೆದಿದ್ದ ಅಪಾರ ಸಂಖ್ಯೆಯ ರೂಟ್‌ಗಳು ಕೋರ್ ರೂಟರ್‌ಗಳಿಗೆ ನುಗ್ಗಿದವು, ಅವು ಹೊರಲಾರದೆ ನಿಮಿಷಗಳಲ್ಲೇ ಕುಸಿದವು. ಮೊಬೈಲ್, ಮನೆಯ ಇಂಟರ್ನೆಟ್, ಡೆಬಿಟ್ ಕಾರ್ಡ್ ಪಾವತಿ ಎಲ್ಲ ನಿಂತವು. ತುರ್ತು ಸಂಖ್ಯೆ 911ಕ್ಕೆ ಕರೆ ಹೋಗದೆ ಜನ ಪರದಾಡಿದರು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು.

ಒಂದು ಫಿಲ್ಟರ್ ಅಳಿಸಿದ್ದು ಇಷ್ಟು ದೊಡ್ಡದಾದದ್ದೇಕೆ ಎಂದು ಕೆನಡಾದ ದೂರಸಂಪರ್ಕ ನಿಯಂತ್ರಣ ಆಯೋಗಕ್ಕಾಗಿ ಕ್ಸೋನಾ ಪಾರ್ಟ್ನರ್ಸ್ ಸಂಸ್ಥೆ ಪರಿಶೀಲಿಸಿತು. ಅದರ ವರದಿಯಲ್ಲಿ ಎಲ್ಲಕ್ಕಿಂತ ಗಮನ ಸೆಳೆಯುವ ಅಂಶ ದೋಷಕ್ಕಿಂತ ಮಿಗಿಲಾಗಿ ಅದನ್ನು ಹುಡುಕಲು ತಗುಲಿದ ಹೊತ್ತು. ರೋಜರ್ಸ್‌ನ ಮ್ಯಾನೇಜ್‌ಮೆಂಟ್ ಜಾಲ ಅದೇ ಕೋರ್ ಜಾಲದ ಮೇಲೆ ನಿಂತಿತ್ತು. ಕೋರ್ ಬಿದ್ದ ಕೂಡಲೇ ರೂಟರ್‌ಗಳ ದೋಷ ದಾಖಲೆಗಳೂ ಎಂಜಿನಿಯರ್‌ಗಳ ಕೈತಪ್ಪಿದವು. ಮೂಲ ಕಾರಣ ಗೊತ್ತಾಗಲು ಸುಮಾರು 14 ಗಂಟೆ ಹಿಡಿಯಿತು. ಸಿಬ್ಬಂದಿಯ ಫೋನ್‌ಗಳೂ ಅದೇ ಕಂಪನಿಯ ಸಿಮ್‌ನಲ್ಲಿದ್ದುದರಿಂದ ಅವರವರೊಳಗೆ ಮಾತನಾಡುವುದೂ ಕಷ್ಟವಾಯಿತು. ಕೊನೆಗೆ ಪ್ರತಿಸ್ಪರ್ಧಿ ಕಂಪನಿಗಳ ಸಿಮ್‌ಗಳನ್ನು ದೂರದ ಕೇಂದ್ರಗಳಿಗೆ ಕಳುಹಿಸಿಕೊಡಬೇಕಾಯಿತು. ಕಾರಣ ತಿಳಿಯದ ಆ ಗಂಟೆಗಳನ್ನು ಉಳಿಸಬಲ್ಲ ಸಾಧನವೇ ಔಟ್-ಆಫ್-ಬ್ಯಾಂಡ್ ಜಾಲ.

ಅದನ್ನು ಕಟ್ಟುವ ಕೆಲಸ ಸ್ವಿಚ್‌ನಿಂದಲೇ ಶುರುವಾಗುತ್ತದೆ. ಡೇಟಾ ಸೆಂಟರ್ ದರ್ಜೆಯ ಪ್ರತಿ ಸ್ವಿಚ್‌ನಲ್ಲಿ ಸಾಮಾನ್ಯ ಪೋರ್ಟ್‌ಗಳ ಹೊರತಾಗಿ ಇನ್ನೆರಡು ಕಿಂಡಿಗಳಿರುತ್ತವೆ. ಒಂದು ಮ್ಯಾನೇಜ್‌ಮೆಂಟ್ ಪೋರ್ಟ್. ಅದು ಮಾಮೂಲಿ ಈಥರ್ನೆಟ್ ಪೋರ್ಟ್‌ನಂತೆಯೇ ಕಂಡರೂ ಗ್ರಾಹಕರ ಪ್ಯಾಕೆಟ್‌ಗಳನ್ನು ಸಾಗಿಸುವ ಚಿಪ್‌ಗೆ ಸೇರಿರುವುದಿಲ್ಲ, ಸ್ವಿಚ್‌ನ ನಿಯಂತ್ರಣ ಪ್ರೊಸೆಸರ್‌ಗೆ ನೇರ ಸೇರಿರುತ್ತದೆ. ಇನ್ನೊಂದು ಕನ್ಸೋಲ್ ಪೋರ್ಟ್, ಅಂದರೆ ಹಳೆಯ ಕಾಲದ ಸೀರಿಯಲ್ ತಂತಿಯ ಸಂಪರ್ಕ. ಅನೇಕ ಸ್ವಿಚ್‌ಗಳಲ್ಲಿ ಇದರ ವೇಗ ಇಂದಿಗೂ ಸೆಕೆಂಡಿಗೆ 9600 ಬಿಟ್ ಮಾತ್ರ. ಪರದೆಯ ಮೇಲೆ ಅಕ್ಷರಗಳು ನಿಧಾನವಾಗಿ ಮೂಡಿದರೂ ಈ ಪೋರ್ಟ್‌ಗೆ ಐಪಿ ವಿಳಾಸ ಬೇಡ, ರೂಟಿಂಗ್ ಬೇಡ, ಸ್ವಿಚ್‌ನ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಎದ್ದಿರಬೇಕೆಂದೂ ಇಲ್ಲ. ಅಪ್‌ಗ್ರೇಡ್ ಹಾಳಾಗಿ ಸ್ವಿಚ್ `loader>` ಎಂಬ ಪ್ರಾಂಪ್ಟ್‌ನಲ್ಲಿ ನಿಂತುಬಿಟ್ಟಾಗ ಮ್ಯಾನೇಜ್‌ಮೆಂಟ್ ಪೋರ್ಟ್‌ನಿಂದ ಎಸ್‌ಎಸ್‌ಎಚ್ ಲಾಗಿನ್ ಸಿಗುವುದಿಲ್ಲ, ಕನ್ಸೋಲ್ ಆಗಲೂ ಉತ್ತರ ಕೊಡುತ್ತದೆ. ಆದ್ದರಿಂದ ಎರಡೂ ಬೇಕು. ನಿತ್ಯದ ಕೆಲಸಕ್ಕೆ ಮೊದಲನೆಯದು, ಕೈಮೀರಿದ ಹೊತ್ತಿಗೆ ಎರಡನೆಯದು.

ಎರಡು ಕೋರ್ ಸ್ವಿಚ್, ಇಪ್ಪತ್ತು ರ್ಯಾಕ್ ಸ್ವಿಚ್ ಇರುವ ಮಧ್ಯಮ ಗಾತ್ರದ ಒಂದು ಡೇಟಾ ಸೆಂಟರ್ ಇದೆ ಎಂದಿಟ್ಟುಕೊಳ್ಳೋಣ. ಇಲ್ಲಿ 22 ಮ್ಯಾನೇಜ್‌ಮೆಂಟ್ ಪೋರ್ಟ್‌ಗಳಿಂದ 22 ತಾಮ್ರದ ಕೇಬಲ್‌ಗಳು ಹೊರಟು 48 ಪೋರ್ಟ್‌ನ ಒಂದು ಸಾದಾ ಸ್ವಿಚ್‌ಗೆ ಬರುತ್ತವೆ. ಇದು ಮ್ಯಾನೇಜ್‌ಮೆಂಟ್ ಸ್ವಿಚ್. ಇದಕ್ಕೆ ವೇಗ ಬೇಡ, ದುಬಾರಿ ಸೌಲಭ್ಯಗಳೂ ಬೇಡ. ಬೇಕಾದದ್ದು ಒಂದೇ, ಮುಖ್ಯ ಜಾಲದ ಯಾವ ಸ್ವಿಚ್‌ಗೂ ಇದರಿಂದ ತಂತಿ ಹೋಗಬಾರದು. ಇನ್ನು 22 ಕನ್ಸೋಲ್ ತಂತಿಗಳು 32 ಪೋರ್ಟ್‌ನ ಕನ್ಸೋಲ್ ಸರ್ವರ್‌ಗೆ ಸೇರುತ್ತವೆ. ಹಲವು ಸೀರಿಯಲ್ ತಂತಿಗಳನ್ನು ಒಂದೆಡೆ ಕೂಡಿಸಿ, ಎಸ್‌ಎಸ್‌ಎಚ್ ಮೂಲಕ ಬೇಕಾದ ತಂತಿಯನ್ನು ಆರಿಸಿಕೊಳ್ಳಲು ಬಿಡುವ ಪೆಟ್ಟಿಗೆ ಅದು. ಮೂರನೆಯದಾಗಿ ರ್ಯಾಕ್‌ಗಳಿಗೆ ವಿದ್ಯುತ್ ಹಂಚುವ ಪಿಡಿಯುಗಳ ಜಾಲ ಪೋರ್ಟ್ ಕೂಡ ಇದೇ ಮ್ಯಾನೇಜ್‌ಮೆಂಟ್ ಸ್ವಿಚ್‌ಗೆ ಬರಬೇಕು. ಸ್ವಿಚ್ ಯಾವುದಕ್ಕೂ ಸ್ಪಂದಿಸದಿದ್ದಾಗ ದೂರದಿಂದಲೇ ಅದರ ವಿದ್ಯುತ್ ತೆಗೆದು ಮತ್ತೆ ಕೊಡಲು ಬೇರೆ ಉಪಾಯವಿಲ್ಲ.

ತಂತಿ ಬೇರೆಯಾದರೆ ಕೆಲಸ ಮುಗಿಯಿತು ಎಂದು ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸ್ವಿಚ್‌ನ ಒಳಗೆ ರೂಟಿಂಗ್ ಪಟ್ಟಿ ಇನ್ನೂ ಒಂದೇ ಇದ್ದರೆ ಆ ಬೇರ್ಪಡೆ ಅರೆಬರೆಯದು. ಯಾವ ವಿಳಾಸಕ್ಕೆ ಯಾವ ಪೋರ್ಟ್‌ನಿಂದ ಹೋಗಬೇಕು ಎಂಬ ಪಟ್ಟಿಯೇ ರೂಟಿಂಗ್ ಪಟ್ಟಿ. ಎಂಜಿನಿಯರ್‌ನ ಲಾಗಿನ್ ಕೋರಿಕೆ ಮ್ಯಾನೇಜ್‌ಮೆಂಟ್ ಪೋರ್ಟ್‌ನಿಂದಲೇ ಒಳಗೆ ಬಂದಿರಬಹುದು. ಅದಕ್ಕೆ ಉತ್ತರ ಕಳುಹಿಸುವಾಗ ಸ್ವಿಚ್ ತನ್ನ ಪಟ್ಟಿ ನೋಡುತ್ತದೆ. ಎಂಜಿನಿಯರ್‌ನ ವಿಳಾಸಕ್ಕೆ ಮುಖ್ಯ ಜಾಲದ ಕಡೆಯ ಡೀಫಾಲ್ಟ್ ರೂಟ್ ಸಿಕ್ಕರೆ ಉತ್ತರ ಆ ಕಡೆ ಹೋಗುತ್ತದೆ. ಮುಖ್ಯ ಜಾಲ ಬಿದ್ದಿದ್ದರೆ ಅಲ್ಲೇ ಕಳೆದುಹೋಗುತ್ತದೆ. ಕೋರಿಕೆ ತಲುಪಿದರೂ ಉತ್ತರ ಬರುವುದಿಲ್ಲ.

ಇದಕ್ಕೆ ಪರಿಹಾರ ವಿಆರ್‌ಎಫ್. ಒಂದೇ ಪೆಟ್ಟಿಗೆಯೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ರೂಟಿಂಗ್ ಪಟ್ಟಿಗಳನ್ನು ಇಡುವ ವ್ಯವಸ್ಥೆ ಅದು. ಮ್ಯಾನೇಜ್‌ಮೆಂಟ್ ಪೋರ್ಟ್ ಒಂದು ಪಟ್ಟಿಗೆ ಸೇರುತ್ತದೆ, ಉಳಿದೆಲ್ಲ ಪೋರ್ಟ್‌ಗಳು ಇನ್ನೊಂದಕ್ಕೆ. ಒಂದರಲ್ಲಿ ಲಕ್ಷ ರೂಟ್ ಬಂದು ಸೇರಿದರೂ, ಒಂದೂ ಉಳಿಯದಿದ್ದರೂ ಇನ್ನೊಂದರ ಡೀಫಾಲ್ಟ್ ರೂಟ್ ಕದಲುವುದಿಲ್ಲ. ಸಿಸ್ಕೋದ ನೆಕ್ಸಸ್ ಸ್ವಿಚ್‌ಗಳಲ್ಲಿ `management` ಎಂಬ ವಿಆರ್‌ಎಫ್ ಹುಟ್ಟಿನಿಂದಲೇ ಇರುತ್ತದೆ, `mgmt0` ಪೋರ್ಟ್ ಅದರಲ್ಲೇ ಇರುತ್ತದೆ. ಜೂನಿಪರ್‌ನ ಜೂನೋಸ್‌ನಲ್ಲಿ ಹಾಗಲ್ಲ. ಅಲ್ಲಿ ಮ್ಯಾನೇಜ್‌ಮೆಂಟ್ ಪೋರ್ಟ್ ಮೂಲತಃ ಮುಖ್ಯ ಪಟ್ಟಿಯಲ್ಲೇ ಇರುತ್ತದೆ. `set system management-instance` ಎಂದು ಕೊಟ್ಟರಷ್ಟೇ `mgmt_junos` ಎಂಬ ಬೇರೆ ಪಟ್ಟಿ ಚಾಲೂ ಆಗುತ್ತದೆ. ನೆಕ್ಸಸ್‌ನಲ್ಲಿ ಸಂರಚನೆಯ ಮುಖ್ಯ ಭಾಗ ಹೀಗಿರುತ್ತದೆ:

```
vrf context management
  ip route 0.0.0.0/0 10.250.4.1
interface mgmt0
  ip address 10.250.4.11/24
aaa group server tacacs+ ADMIN
  server 10.250.0.20
  use-vrf management
```

ಮೊದಲ ನಾಲ್ಕು ಸಾಲುಗಳನ್ನು ಯಾರೂ ಮರೆಯುವುದಿಲ್ಲ. ಮರೆತುಹೋಗುವುದು ಕೊನೆಯ ಸಾಲು. ಲಾಗಿನ್ ಆಗುವವರು ಯಾರು, ಅವರಿಗೆ ಯಾವ ಆಜ್ಞೆಗಳಿಗೆ ಅನುಮತಿ ಇದೆ ಎಂದು ಸ್ವಿಚ್ ಟ್ಯಾಕಾಕ್ಸ್ ಎಂಬ ಸರ್ವರ್ ಅನ್ನು ಕೇಳುತ್ತದೆ. `use-vrf management` ಎಂದು ಹೇಳದಿದ್ದರೆ ಆ ಪ್ರಶ್ನೆ ಮುಖ್ಯ ಪಟ್ಟಿಯ ದಾರಿಯಲ್ಲಿ ಹೋಗುತ್ತದೆ. ಮಾಮೂಲಿ ದಿನಗಳಲ್ಲಿ ಉತ್ತರ ಬರುತ್ತಲೇ ಇರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಮುಖ್ಯ ಜಾಲ ಬಿದ್ದಾಗ ಮ್ಯಾನೇಜ್‌ಮೆಂಟ್ ಪೋರ್ಟ್ ಜೀವಂತವಾಗಿದ್ದರೂ ಲಾಗಿನ್ ತಡೆದು ನಿಲ್ಲುತ್ತದೆ. ಸ್ವಿಚ್ ಸರ್ವರ್‌ಗಾಗಿ ಕೆಲವು ಸೆಕೆಂಡ್ ಕಾದು, ಉತ್ತರವಿಲ್ಲವೆಂದು ಖಾತ್ರಿಯಾದ ಮೇಲೆ ತನ್ನೊಳಗಿನ ಸ್ಥಳೀಯ ಖಾತೆಗೆ ಬರುತ್ತದೆ. ಪ್ರತಿ ಆಜ್ಞೆಗೂ ಅನುಮತಿ ಕೇಳುವ ಏರ್ಪಾಡಿದ್ದರೆ ಪ್ರತಿ ಸಾಲಿಗೂ ಈ ಕಾಯುವಿಕೆ ಇರುತ್ತದೆ. ಪಾಸ್‌ವರ್ಡ್ ಕೊಟ್ಟ ನಂತರ ಹತ್ತಿಪ್ಪತ್ತು ಸೆಕೆಂಡ್ ಪರದೆ ಸುಮ್ಮನಿದ್ದರೆ, ಆಮೇಲೆ ಒಂದೊಂದು ಆಜ್ಞೆಯೂ ತೆವಳಿದರೆ, ದೋಷ ಇಲ್ಲಿರುವ ಸಾಧ್ಯತೆಯೇ ಹೆಚ್ಚು. ಸಮಯ ಹೊಂದಿಸುವ ಎನ್‌ಟಿಪಿ, ದಾಖಲೆ ಕಳುಹಿಸುವ ಸಿಸ್‌ಲಾಗ್‌ಗಳನ್ನೂ ಇದೇ ಕಾರಣಕ್ಕೆ ಒಂದೊಂದಾಗಿ ಮ್ಯಾನೇಜ್‌ಮೆಂಟ್ ವಿಆರ್‌ಎಫ್‌ಗೆ ಸೇರಿಸಬೇಕು.

ಸ್ಥಳೀಯ ಖಾತೆಯ ಬಗ್ಗೆ ಒಂದು ಎಚ್ಚರ ಅಗತ್ಯ. ಟ್ಯಾಕಾಕ್ಸ್ ಸರ್ವರ್ ಉತ್ತರ ಕೊಡದಿದ್ದರೆ ಮಾತ್ರ ಸ್ವಿಚ್ ಸ್ಥಳೀಯ ಖಾತೆಯನ್ನು ನೋಡುತ್ತದೆ. ಸರ್ವರ್ ಉತ್ತರಿಸಿ ‘ಅನುಮತಿ ಇಲ್ಲ’ ಎಂದರೆ ಅದೇ ಅಂತಿಮ. ಟ್ಯಾಕಾಕ್ಸ್ ಸರ್ವರ್ ತಾನು ನೆಟ್ಟಗಿದ್ದು, ಅದರ ಹಿಂದಿನ ಬಳಕೆದಾರರ ಡೈರೆಕ್ಟರಿ ಮುಖ್ಯ ಜಾಲದೊಡನೆ ಬಿದ್ದಾಗ ಆಗುವುದು ಇದೇ. ಅದು ಎಲ್ಲರನ್ನೂ ನಿರಾಕರಿಸತೊಡಗಿದರೆ ಸ್ಥಳೀಯ ಖಾತೆ ಇದ್ದೂ ಇಲ್ಲದಂತೆ. ಕನ್ಸೋಲ್ ದಾರಿಗೆ `aaa authentication login console local` ಎಂದು ಬರೆದು, ಅಲ್ಲಿ ಯಾವಾಗಲೂ ಸ್ಥಳೀಯ ಖಾತೆಯೇ ನಡೆಯುವಂತೆ ಮಾಡುವುದು ಒಳ್ಳೆಯ ರೂಢಿ.

ಇನ್ನು ಹೊರಗಿನಿಂದ ಒಳಕ್ಕೆ ಬರುವ ದಾರಿ. ಮ್ಯಾನೇಜ್‌ಮೆಂಟ್ ಸ್ವಿಚ್‌ನಿಂದ ಒಂದು ಚಿಕ್ಕ ಫೈರ್‌ವಾಲ್, ಅದರಿಂದ ಹೊರಗೆ ಮುಖ್ಯ ಜಾಲಕ್ಕೆ ಸೇವೆ ಕೊಡದ ಬೇರೊಂದು ಕಂಪನಿಯ ಬ್ರಾಡ್‌ಬ್ಯಾಂಡ್, ಅದಕ್ಕೆ ಬದಲಿಯಾಗಿ 4ಜಿ ಅಥವಾ 5ಜಿ ಮೊಡೆಮ್. ಬಿಲ್ ಎರಡು ಕಂಪನಿಗಳಿಂದ ಬಂದ ಮಾತ್ರಕ್ಕೆ ದಾರಿ ಎರಡಾಗುವುದಿಲ್ಲ. ಇಬ್ಬರ ಫೈಬರ್ ಒಂದೇ ಡಕ್ಟ್‌ನಲ್ಲಿದ್ದರೆ ರಸ್ತೆ ಅಗೆಯುವ ಜೆಸಿಬಿ ಎರಡನ್ನೂ ಒಟ್ಟಿಗೆ ಕತ್ತರಿಸುತ್ತದೆ. ಕಟ್ಟಡದೊಳಕ್ಕೆ ಕೇಬಲ್ ಎಲ್ಲಿಂದ ಬರುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಮೊಬೈಲ್ ಮೊಡೆಮ್‌ನ ಕಷ್ಟ ಬೇರೆ ಬಗೆಯದು. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವುದರಿಂದ ಹೊರಗಿನಿಂದ ಮೊಡೆಮ್‌ಗೆ ನೇರ ಸಂಪರ್ಕ ಸಿಗುವುದಿಲ್ಲ. ಆದ್ದರಿಂದ ಡೇಟಾ ಸೆಂಟರ್ ಒಳಗಿನ ಫೈರ್‌ವಾಲ್ ತಾನೇ ಹೊರಗಿನ ಒಂದು ವಿಪಿಎನ್ ಕೇಂದ್ರಕ್ಕೆ ಕರೆ ಮಾಡಿ ಆ ಸುರಂಗವನ್ನು ಸದಾ ತೆರೆದಿಟ್ಟುಕೊಂಡಿರಬೇಕು. ಆ ಕೇಂದ್ರ ಇದೇ ಡೇಟಾ ಸೆಂಟರ್‌ನಲ್ಲಿದ್ದರೆ ಕಟ್ಟಿದ್ದೆಲ್ಲ ವ್ಯರ್ಥ. ಲೋಹದ ರ್ಯಾಕ್‌ಗಳ ನಡುವೆ ಮೊಬೈಲ್ ಸಿಗ್ನಲ್ ಸಿಗುವುದು ಅಪರೂಪ, ಹಾಗಾಗಿ ಆಂಟೆನಾ ಹೊರಗಿರಬೇಕು.

ಈ ಎಲ್ಲ ಭಾಗಗಳೂ ಒಟ್ಟಾಗಿ ಹೇಗೆ ಕೆಲಸ ಮಾಡುತ್ತವೆ ಎಂದು ನೋಡಲು ಈ ವೃತ್ತಿಯವರಿಗೆಲ್ಲ ಗೊತ್ತಿರುವ ಒಂದು ತಪ್ಪನ್ನೇ ತೆಗೆದುಕೊಳ್ಳಬಹುದು. ಮೇಲೆ ಹೇಳಿದ ಡೇಟಾ ಸೆಂಟರ್‌ನ ಕೋರ್ ಸ್ವಿಚ್‌ನಿಂದ ಫೈರ್‌ವಾಲ್‌ಗೆ ಹೋಗುವ ಟ್ರಂಕ್‌ನಲ್ಲಿ 20, 30, 40 ಎಂಬ ಮೂರು ವಿಲ್ಯಾನ್‌ಗಳಿವೆ. ಹೊಸದಾಗಿ 310 ಸೇರಬೇಕು. ಅದಕ್ಕೆ ಸರಿಯಾದ ಆಜ್ಞೆ `switchport trunk allowed vlan add 310`. ರಾತ್ರಿ ಒಂದು ಗಂಟೆಗೆ ಎಂಜಿನಿಯರ್ `add` ಎಂಬ ಪದ ಬಿಟ್ಟು ಎಂಟರ್ ಒತ್ತುತ್ತಾರೆ. ಸ್ವಿಚ್ ಅದನ್ನು ‘310 ಒಂದನ್ನೇ ಬಿಡು’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಹಳೆಯ ಮೂರೂ ಆ ಕ್ಷಣವೇ ನಿಲ್ಲುತ್ತವೆ. ಎಂಜಿನಿಯರ್‌ನ ಲಾಗಿನ್ ಆ ಮೂರರಲ್ಲಿ ಒಂದರ ಮೂಲಕ ಬಂದಿದ್ದರೆ ಪರದೆ ಅಲ್ಲೇ ಹೆಪ್ಪುಗಟ್ಟುತ್ತದೆ. ಹಳೆಯ ಮೂರು ವಿಲ್ಯಾನ್‌ಗಳನ್ನು ಮತ್ತೆ ಸೇರಿಸುವ ಒಂದು ಸಾಲು ಟೈಪ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಗೊತ್ತು, ಟೈಪ್ ಮಾಡಲು ಮಾತ್ರ ಜಾಗವಿಲ್ಲ. ಕಾರು ಹತ್ತಿ ಡೇಟಾ ಸೆಂಟರ್‌ಗೆ ಹೋಗಿ, ಭದ್ರತಾ ದ್ವಾರ ದಾಟಿ, ಲ್ಯಾಪ್‌ಟಾಪ್‌ಗೆ ಕನ್ಸೋಲ್ ತಂತಿ ಜೋಡಿಸುವವರೆಗೆ ಗ್ರಾಹಕರ ಕೆಲಸ ನಿಂತಿರುತ್ತದೆ.

ಬೇರೆ ದಾರಿ ಇರುವಲ್ಲಿ ಅದೇ ಎಂಜಿನಿಯರ್ ಮನೆಯಿಂದಲೇ ಔಟ್-ಆಫ್-ಬ್ಯಾಂಡ್ ವಿಪಿಎನ್‌ಗೆ ಸೇರುತ್ತಾರೆ. ಮ್ಯಾನೇಜ್‌ಮೆಂಟ್ ಜಾಲದೊಳಗಿನ ಜಂಪ್ ಸರ್ವರ್‌ಗೆ ಹೋಗಿ, ಅಲ್ಲಿಂದ `10.250.4.11`ಕ್ಕೆ ಲಾಗಿನ್ ಆಗುತ್ತಾರೆ. `show accounting log` ಎಂದು ಕೇಳಿದರೆ ಕೊನೆಗೆ ಕೊಟ್ಟ ಆಜ್ಞೆ ಕಾಣುತ್ತದೆ. `show interface trunk` ನೋಡಿದರೆ ಟ್ರಂಕ್‌ನಲ್ಲಿ 310 ಒಂದೇ ಉಳಿದಿದೆ. ಬದಲಾವಣೆಗೆ ಮೊದಲು `checkpoint` ಆಜ್ಞೆಯಿಂದ ಹಳೆಯ ಸ್ಥಿತಿಯನ್ನು ಉಳಿಸಿದ್ದರೆ `rollback` ಕೊಟ್ಟು ಹಿಂದಿರುಗಬಹುದು, ಇಲ್ಲದಿದ್ದರೆ ಮೂರು ವಿಲ್ಯಾನ್‌ಗಳನ್ನು ಕೈಯಿಂದ ಸೇರಿಸಬಹುದು. ಕೆಲವೇ ನಿಮಿಷಗಳ ಕೆಲಸ.

ಆದರೆ ಈ ಸರಪಳಿಯಲ್ಲಿ ಇನ್ನೂ ಹಲವು ಕೊಂಡಿಗಳು ಅಡಗಿವೆ. ಜಂಪ್ ಸರ್ವರ್ ಮುಖ್ಯ ಜಾಲದ ವರ್ಚುವಲ್ ಯಂತ್ರಗಳ ನಡುವೆ ಓಡುತ್ತಿದ್ದರೆ ಅದು ಸಿಗುವುದಿಲ್ಲ. ವಿಪಿಎನ್‌ಗೆ ಸೇರಲು ಬೇಕಾದ ಎರಡನೇ ಹಂತದ ದೃಢೀಕರಣ ಕಂಪನಿಯ ಒಳಗಿನ ಸರ್ವರ್ ಕೇಳುತ್ತಿದ್ದರೆ ಬಾಗಿಲಲ್ಲೇ ತಡೆ. ಸ್ವಿಚ್ ಅನ್ನು ಹೆಸರಿನಿಂದ ಮಾತ್ರ ಕರೆದು ಅಭ್ಯಾಸವಾಗಿ, ಆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಬಿದ್ದಿದ್ದರೆ `10.250.4.11` ಎಂಬ ಅಂಕಿಯೇ ಯಾರಿಗೂ ನೆನಪಿರುವುದಿಲ್ಲ. ಪಾಸ್‌ವರ್ಡ್ ಭಂಡಾರ, ಜಾಲದ ನಕ್ಷೆ ಇರುವ ವಿಕಿ, ತಂಡ ಮಾತನಾಡಿಕೊಳ್ಳುವ ಚಾಟ್, ಎಲ್ಲವೂ ಇದೇ ಪ್ರಶ್ನೆಗೆ ಒಳಪಡಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಿಂದ ಮರೆಯಾದಾಗ ಅದಕ್ಕೆ ಔಟ್-ಆಫ್-ಬ್ಯಾಂಡ್ ಜಾಲ ಇತ್ತು. ಬೆನ್ನೆಲುಬು ಜಾಲದ ಜೊತೆ ಅದರ ಸಂಪರ್ಕವೂ ಕೈಕೊಟ್ಟಿತೆಂದು, ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗಳಿಗೆ ಹೋಗಬೇಕಾಯಿತೆಂದು ಕಂಪನಿಯ ಮೂಲಸೌಕರ್ಯ ವಿಭಾಗದ ಮುಖ್ಯಸ್ಥ ಸಂತೋಷ್ ಜನಾರ್ದನ್ ಮರುದಿನ ಬರೆದರು. ಕಟ್ಟಿದ ಜಾಲ ಮುಖ್ಯ ಜಾಲಕ್ಕೆ ಎಲ್ಲಿಯೂ ಆತುಕೊಂಡಿಲ್ಲ ಎಂದು ನಂಬಲು ಹೆಸರು ಸಾಲದು, ಪರೀಕ್ಷೆಯೇ ಬೇಕು.

ತಾಂತ್ರಿಕವಾಗಿ ಒಪ್ಪಿಕೊಳ್ಳಬೇಕಾದ ಮಿತಿಯೂ ಒಂದಿದೆ. ವಿಆರ್‌ಎಫ್ ಪಟ್ಟಿಗಳನ್ನು ಬೇರ್ಪಡಿಸುತ್ತದೆ, ಪ್ರೊಸೆಸರ್ ಮತ್ತು ಮೆಮೊರಿಯನ್ನಲ್ಲ. ರೂಟ್‌ಗಳ ಮಹಾಪೂರ ಬಂದು ಸ್ವಿಚ್‌ನ ಪ್ರೊಸೆಸರ್ ಉಸಿರುಗಟ್ಟಿದರೆ ಮ್ಯಾನೇಜ್‌ಮೆಂಟ್ ಪೋರ್ಟ್‌ನ ಲಾಗಿನ್ ಕೂಡ ಅದೇ ಪ್ರೊಸೆಸರ್‌ನ ಸರದಿಯಲ್ಲಿ ಕಾಯಬೇಕು. ಆಗ ಕನ್ಸೋಲ್, ಅದೂ ಕೈಕೊಟ್ಟರೆ ಪಿಡಿಯು. ಮೂರು ಮೆಟ್ಟಿಲುಗಳಿರುವುದು ಇದಕ್ಕಾಗಿಯೇ.

ಈ ಜಾಲ ಎಲ್ಲ ಸ್ವಿಚ್‌ಗಳ ಬೀಗದಕೈ ಗೊಂಚಲೂ ಹೌದು, ಆದ್ದರಿಂದ ಕಳ್ಳರಿಗೂ ಅಷ್ಟೇ ಉಪಯುಕ್ತ. ಮ್ಯಾನೇಜ್‌ಮೆಂಟ್ ಸ್ವಿಚ್‌ನಲ್ಲಿ ಪೋರ್ಟ್ ಪ್ರತ್ಯೇಕತೆ ಚಾಲೂ ಮಾಡಿ, ಪ್ರತಿ ಸಾಧನವೂ ಫೈರ್‌ವಾಲ್ ಕಡೆಗೆ ಮಾತ್ರ ಮಾತನಾಡುವಂತೆ, ಪಕ್ಕದ ಸಾಧನದೊಡನೆ ಮಾತನಾಡದಂತೆ ಮಾಡಬೇಕು. ಸರ್ವರ್‌ಗಳ ಐಡ್ರ್ಯಾಕ್, ಐಎಲ್‌ಒ ಪೋರ್ಟ್‌ಗಳನ್ನು ಸ್ವಿಚ್‌ಗಳಿಂದ ಬೇರೆ ವಿಭಾಗದಲ್ಲಿ ಇಡಬೇಕು. ಫೈರ್‌ವಾಲ್‌ನ ಒಳಕ್ಕೆ ಜಂಪ್ ಸರ್ವರ್ ಹೊರತು ಬೇರೆ ದಾರಿ ಇರಬಾರದು. ಅನುಕೂಲಕ್ಕೆಂದು ಯಾರಾದರೂ ಮ್ಯಾನೇಜ್‌ಮೆಂಟ್ ಸ್ವಿಚ್‌ನಿಂದ ಕೋರ್ ಸ್ವಿಚ್‌ಗೆ ಒಂದು ತಂತಿ ಎಳೆದರೆ ಎರಡು ಜಾಲಗಳೂ ಮತ್ತೆ ಒಂದಾಗುತ್ತವೆ. ಈ ಒಂದು ತಂತಿಯೇ ಅತ್ಯಂತ ಸಾಮಾನ್ಯ ಅನಾಹುತ.

ಬಳಕೆಯಿಲ್ಲದ ದಾರಿ ಸದ್ದಿಲ್ಲದೆ ಹಾಳಾಗುತ್ತದೆ. ಸಿಮ್‌ನ ರೀಚಾರ್ಜ್ ಅವಧಿ ಮುಗಿಯುತ್ತದೆ. ಸ್ವಿಚ್ ಬದಲಿಸಿದವರು ಕನ್ಸೋಲ್ ತಂತಿ ಮರಳಿ ಚುಚ್ಚಲು ಮರೆಯುತ್ತಾರೆ, ಇಲ್ಲವೆ ಹೊಸ ಸ್ವಿಚ್‌ನ ಕನ್ಸೋಲ್ 115200 ವೇಗದ್ದಾಗಿ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಆದ್ದರಿಂದ ಕನ್ಸೋಲ್‌ನ ಪ್ರತಿ ಪೋರ್ಟ್‌ಗೂ ದಿನಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಎಂಟರ್ ಒತ್ತಿ, ಸ್ವಿಚ್‌ನ ಹೆಸರು ಮರಳಿ ಬಂತೇ ಎಂದು ನೋಡಬೇಕು. ವಿಪಿಎನ್ ಸುರಂಗದ ಮೇಲೆ ನಿಗಾ ಇಡುವ ವ್ಯವಸ್ಥೆ ಮುಖ್ಯ ಜಾಲದ ಹೊರಗಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ, ಗ್ರಾಹಕರಿಗೆ ಮುಂಚಿತವಾಗಿ ತಿಳಿಸಿದ ನಿರ್ವಹಣಾ ಅವಧಿಯಲ್ಲಿ ಮುಖ್ಯ ಜಾಲದ ಹೊರಸಂಪರ್ಕವನ್ನು ಬೇಕೆಂದೇ ಮುಚ್ಚಬೇಕು. ಮನೆಯಲ್ಲಿ ಕುಳಿತ ಎಂಜಿನಿಯರ್ ಬೇರೆ ಕಂಪನಿಯ ಸಿಮ್‌ನಿಂದ ಹೊರಟು ಕೋರ್ ಸ್ವಿಚ್‌ನ ಪ್ರಾಂಪ್ಟ್ ತಲುಪಬೇಕು. ತಲುಪಲು ಹಿಡಿದ ಸಮಯವನ್ನೂ, ದಾರಿಯಲ್ಲಿ ಎಡವಿದ ಪ್ರತಿ ಕಡೆಯನ್ನೂ ಬರೆದಿಟ್ಟುಕೊಂಡು ಮುಂದಿನ ಪರೀಕ್ಷೆಯೊಳಗೆ ಸರಿಪಡಿಸಬೇಕು. ಒಂದೇ ಸ್ವಿಚ್ ಇರುವ ಸಣ್ಣ ಕಚೇರಿಗೆ ಇಷ್ಟೆಲ್ಲ ಬೇಡ. ಸೀರಿಯಲ್ ಪೋರ್ಟ್ ಇರುವ ಒಂದು 4ಜಿ ರೂಟರ್, ಒಂದು ಕನ್ಸೋಲ್ ತಂತಿ ಮತ್ತು ತಿಂಗಳಿಗೊಮ್ಮೆ ಅದರ ಮೂಲಕ ಲಾಗಿನ್ ಆಗಿ ನೋಡುವ ಅಭ್ಯಾಸ ಇದ್ದರೆ ಸಾಕು.